ಸಹಾಯ ಕೇಳಿದವರಿಗೆ ಎಷ್ಟು ಮರುಪ್ರಶ್ನೆ ಹಾಕಬಹುದು?

ಓದುಗರ ಪ್ರಶ್ನೆ: ನಾನು ಕಚೇರಿಯೊಂದರ ಸಹಾಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಹೋದ್ಯೋಗಿಗಳು ಚಾಟ್‌ನಲ್ಲಿ ಒಂದೇ ಸಾಲು ಬರೆದು ಸಮಸ್ಯೆ ಹೇಳುತ್ತಾರೆ. ವಿವರ ಕೇಳದೆ ಉತ್ತರಿಸಿದರೆ ಎಷ್ಟೋ ಸಲ ತಪ್ಪುತ್ತದೆ, ಕೇಳುತ್ತಾ ಹೋದರೆ ಅವರಿಗೆ ಬೇಸರವಾಗುತ್ತದೆ. ಎಷ್ಟು ಪ್ರಶ್ನೆಗಳಾದರೆ ಹೆಚ್ಚಾಯಿತು ಎಂದು ತಿಳಿಯಬೇಕು? ನಾವೇ ಮೂರ್ನಾಲ್ಕು ಆಯ್ಕೆಗಳನ್ನು ಮುಂದಿಟ್ಟು ‘ಇವುಗಳಲ್ಲಿ ಯಾವುದು?’ ಎಂದು ಕೇಳುವುದು ಯಾವಾಗ ಸರಿ?

ಉತ್ತರ: ಬರಹದಲ್ಲಿ ನಡೆಯುವ ಸಂಭಾಷಣೆಯಲ್ಲಿ ಒಂದು ಸಂದೇಶಕ್ಕೆ ಒಂದೇ ಪ್ರಶ್ನೆ, ಒಟ್ಟಿನಲ್ಲಿ ಎರಡು ಸುತ್ತು, ಅಷ್ಟರೊಳಗೆ ಸ್ಪಷ್ಟವಾಗದಿದ್ದರೆ ‘ಹೀಗಿರಬಹುದೆಂದು ಭಾವಿಸಿ ಉತ್ತರಿಸುತ್ತಿದ್ದೇನೆ’ ಎಂದು ತಿಳಿಸಿ ಉತ್ತರವನ್ನೇ ಕೊಡುವುದು. ಇದು ನಾನು ಪಾಲಿಸುವ ಮಿತಿ. ಎದುರುಬದುರು ಅಥವಾ ಫೋನಿನಲ್ಲಿ ಮಾತನಾಡುವಾಗ ಉತ್ತರ ಕೂಡಲೇ ಸಿಗುವುದರಿಂದ ಇನ್ನೂ ಒಂದೆರಡು ಪ್ರಶ್ನೆ ಕೇಳಿದರೆ ಯಾರಿಗೂ ಭಾರವೆನಿಸುವುದಿಲ್ಲ. ಆದರೆ ಈ ಸಂಖ್ಯೆಗಿಂತ ಮುಖ್ಯವಾದ ಅಳತೆಗೋಲು ಬೇರೆ ಇದೆ. ಬರುವ ಉತ್ತರ ಯಾವುದಾದರೂ ನಾವು ಮಾಡಲಿರುವ ಕೆಲಸ ಒಂದೇ ಆಗಿದ್ದರೆ ಅಂಥ ಪ್ರಶ್ನೆ ಒಂದಿದ್ದರೂ ಅದು ಹೆಚ್ಚು.

ಈ ಅಳತೆಗೋಲನ್ನು ನಾನು ಕಲಿತ ಪ್ರಸಂಗವನ್ನೇ ವಿವರಿಸುತ್ತೇನೆ. ಲೆಕ್ಕದ ಹಾಳೆಗಳನ್ನು, ಅಂದರೆ ಸ್ಪ್ರೆಡ್‌ಶೀಟ್‌ಗಳನ್ನು ಬಳಸುವವರಿಗೆ ನೆರವಾಗುವ ಕೆಲಸದಲ್ಲಿದ್ದಾಗ ಒಬ್ಬರು ಹೀಗೆ ಬರೆದರು: ‘ತಿಂಗಳ ವರದಿಯಲ್ಲಿ ಒಟ್ಟು ಮೊತ್ತ ತಪ್ಪು ಬರುತ್ತಿದೆ, ದಯವಿಟ್ಟು ಸರಿಪಡಿಸಿ.’ ನಾನು ಕೂಡಲೇ ಐದು ಪ್ರಶ್ನೆಗಳನ್ನು ಒಂದೇ ಸಂದೇಶದಲ್ಲಿ ಕಳುಹಿಸಿದೆ. ತಂತ್ರಾಂಶದ ಯಾವ ಆವೃತ್ತಿ, ಯಾವ ಕೋಶದಲ್ಲಿ ತಪ್ಪು ಬರುತ್ತಿದೆ, ಯಾವಾಗಿನಿಂದ ಹೀಗಾಗುತ್ತಿದೆ, ಕಡತವನ್ನು ಬೇರೆ ಯಾರಾದರೂ ತಿದ್ದಿದ್ದಾರೆಯೇ, ಸರಿಯಾದ ಮೊತ್ತ ಎಷ್ಟಿರಬೇಕು? ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು, ಅದೂ ಮೊದಲ ಪ್ರಶ್ನೆಗೆ ಮಾತ್ರ. ಆವೃತ್ತಿಯ ಹೆಸರು ತಿಳಿದ ಮೇಲೂ ನಾನು ಇದ್ದಲ್ಲೇ ಇದ್ದೆ.

ನಂತರ ಆ ಐದು ಪ್ರಶ್ನೆಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದೆ. ಆವೃತ್ತಿ ಯಾವುದಾದರೂ ಕೂಡುವ ಸೂತ್ರ ಕೆಲಸ ಮಾಡುವ ಬಗೆ ಒಂದೇ, ಆದ್ದರಿಂದ ಆ ಪ್ರಶ್ನೆ ಬೇಕಿರಲಿಲ್ಲ. ಯಾರು ತಿದ್ದಿದರು, ಯಾವಾಗಿನಿಂದ ಎಂಬುವು ತಪ್ಪಿನ ಚರಿತ್ರೆಯನ್ನು ಹೇಳುತ್ತವೆಯೇ ಹೊರತು ಪರಿಹಾರವನ್ನು ಬದಲಿಸುವುದಿಲ್ಲ. ಕೋಶ ಯಾವುದೆಂಬುದು ಕಡತ ತೆರೆದರೆ ನನಗೇ ಕಾಣುತ್ತಿತ್ತು; ನಾನೇ ನೋಡಿ ತಿಳಿಯಬಹುದಾದುದನ್ನು ಅವರಿಂದ ಬರೆಸುವುದು ನನ್ನ ಕೆಲಸವನ್ನು ಅವರ ಮೇಲೆ ಹೊರಿಸಿದಂತೆ. ಉಳಿದದ್ದು ಐದನೆಯದು ಒಂದೇ. ಅದೊಂದರಲ್ಲಿ ಮಾತ್ರ ಉತ್ತರ ಬದಲಾದಂತೆ ನನ್ನ ಮುಂದಿನ ಹೆಜ್ಜೆಯೂ ಬದಲಾಗುತ್ತಿತ್ತು, ಆದರೆ ಅದನ್ನು ನಾನು ಕೊನೆಯಲ್ಲಿಟ್ಟಿದ್ದೆ, ಸರಿಯಾದ ರೂಪದಲ್ಲಿಯೂ ಕೇಳಿರಲಿಲ್ಲ.

ಮೊತ್ತ ತಪ್ಪು ಬರುತ್ತಿದೆ ಎನ್ನುವವರ ಹಿಂದೆ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ. ಹಾಳೆಗೆ ಫಿಲ್ಟರ್ ಹಾಕಿ ಕೆಲವು ಸಾಲುಗಳನ್ನು ಮರೆಮಾಡಿದ್ದರೂ `SUM` ಸೂತ್ರ ಅವುಗಳನ್ನೂ ಕೂಡುತ್ತದೆ, ಹೀಗಾಗಿ ಮೊತ್ತ ಹೆಚ್ಚಾಗಿ ಕಾಣುತ್ತದೆ. ಕೊನೆಯಲ್ಲಿ ಸೇರಿಸಿದ ಹೊಸ ಸಾಲುಗಳು ಸೂತ್ರದ ವ್ಯಾಪ್ತಿಯೊಳಗೆ ಬಂದಿರದಿದ್ದರೆ ಮೊತ್ತ ಕಡಿಮೆಯಾಗುತ್ತದೆ. ಬೇರೆಡೆಯಿಂದ ನಕಲಿಸಿ ತಂದ ಅಂಕಿಗಳು ಸಂಖ್ಯೆಯಾಗಿ ಅಲ್ಲದೆ ಪಠ್ಯವಾಗಿ ಕುಳಿತಿದ್ದರೂ ಮೊತ್ತ ಕಡಿಮೆಯೇ ಬರುತ್ತದೆ, ಏಕೆಂದರೆ ಸೂತ್ರ ಪಠ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಲ್ಕನೆಯದು ದಶಮಾಂಶದ್ದು: ಮೂರು ಕೋಶಗಳಲ್ಲಿ 10.4 ಇದ್ದು ಪರದೆಯ ಮೇಲೆ 10 ಎಂದಷ್ಟೇ ತೋರಿಸುತ್ತಿದ್ದರೆ, ನೋಡುವವರು 30 ಬರಬೇಕೆಂದುಕೊಳ್ಳುತ್ತಾರೆ, ಹಾಳೆ 31.2 ಅನ್ನು ಕೂಡಿ 31 ಎಂದು ತೋರಿಸುತ್ತದೆ.

ಈ ನಾಲ್ಕನ್ನು ಹೌದು ಅಥವಾ ಅಲ್ಲ ಎಂಬ ಪ್ರಶ್ನೆಗಳಿಂದ ಬೇರ್ಪಡಿಸಲು ಹೊರಟರೆ, ಪ್ರತಿ ಪ್ರಶ್ನೆಯೂ ಸಾಧ್ಯತೆಗಳನ್ನು ಸರಿಯಾಗಿ ಅರ್ಧಕ್ಕೆ ಇಳಿಸಿದರೂ ಎರಡು ಸುತ್ತು ಬೇಕು. ‘ಫಿಲ್ಟರ್ ಇದೆಯೇ?’, ‘ಹೊಸ ಸಾಲು ಸೇರಿಸಿದಿರಾ?’ ಎಂದು ಸಾಲಾಗಿ ಕೇಳುತ್ತಾ ಹೋದರೆ ಮೂರು ಸುತ್ತು ಆಗಬಹುದು. ಆಯ್ಕೆಗಳ ಪಟ್ಟಿ ಈ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತದೆ, ಅದರ ನಿಜವಾದ ಲಾಭ ಇಷ್ಟೇ. ಮುಂದಿನ ಸಲ ಅಂಥದೇ ಸಂದೇಶ ಬಂದಾಗ ನಾನು ಹೀಗೆ ಬರೆದೆ:

‘ಇವುಗಳಲ್ಲಿ ನಿಮ್ಮ ಹಾಳೆಗೆ ಹೊಂದುವುದು ಯಾವುದೆಂದು ಸಂಖ್ಯೆಯನ್ನಷ್ಟೇ ತಿಳಿಸಿ. 1) ಫಿಲ್ಟರ್ ಹಾಕಿದ್ದೇನೆ, ಕಾಣುತ್ತಿರುವ ಸಾಲುಗಳ ಮೊತ್ತ ಮಾತ್ರ ಬೇಕು, ಆದರೆ ಹೆಚ್ಚು ತೋರಿಸುತ್ತಿದೆ. 2) ಎಲ್ಲ ಸಾಲುಗಳೂ ಸೇರಬೇಕು, ಆದರೆ ಮೊತ್ತ ಕಡಿಮೆ ಬರುತ್ತಿದೆ. 3) ಕೈಯಲ್ಲಿ ಕೂಡಿದ್ದಕ್ಕೂ ಹಾಳೆಗೂ ಒಂದೆರಡರಷ್ಟು ಮಾತ್ರ ವ್ಯತ್ಯಾಸವಿದೆ. 4) ಇವು ಯಾವುದೂ ಅಲ್ಲ, ಬಂದಿರುವ ಮೊತ್ತ ಮತ್ತು ಬರಬೇಕಾದ ಮೊತ್ತ ಎರಡನ್ನೂ ಬರೆಯಿರಿ.’

ಕಾರಣಗಳು ನಾಲ್ಕಿದ್ದರೂ ಪಟ್ಟಿಯಲ್ಲಿ ಅವುಗಳಿಗೆ ಮೂರೇ ಆಯ್ಕೆಗಳಿವೆ. ಸಾಲು ಬಿಟ್ಟುಹೋಗಿರುವುದು, ಅಂಕಿ ಪಠ್ಯವಾಗಿರುವುದು ಎರಡೂ ಕೇಳುವವರ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ, ಅವುಗಳನ್ನು ಬಿಡಿಸಿ ನೋಡುವ ಹೊಣೆ ನನ್ನದು; ಸಂಖ್ಯೆಗಳು ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಪಠ್ಯವಾಗಿರುವ ಸಂಭವ ಹೆಚ್ಚು ಎಂಬುದು ಕಡತ ತೆರೆದ ಕೂಡಲೇ ಗೊತ್ತಾಗುತ್ತದೆ. ಪಟ್ಟಿಯಲ್ಲಿ ‘ವ್ಯಾಪ್ತಿ’, ‘ಪಠ್ಯರೂಪ’ ಎಂಬ ನನ್ನ ವೃತ್ತಿಯ ಮಾತುಗಳೂ ಇಲ್ಲ. ಅವರಿಗೆ ಏನು ಕಾಣುತ್ತಿದೆ ಮತ್ತು ಏನು ಬೇಕಾಗಿದೆ ಎಂಬುದಷ್ಟೇ ಇದೆ. ತಪ್ಪಿನ ಕಾರಣವನ್ನು ಆರಿಸಿ ಎಂದು ಕೇಳಿದರೆ ಅವರು ಊಹಿಸಬೇಕಾಗುತ್ತದೆ, ಕಾಣುತ್ತಿರುವುದನ್ನು ಆರಿಸಿ ಎಂದರೆ ಪರದೆ ನೋಡಿದರೆ ಸಾಕು.

ಎರಡೇ ನಿಮಿಷದಲ್ಲಿ ‘1’ ಎಂದು ಉತ್ತರ ಬಂತು. ಕಳುಹಿಸಬೇಕಾದ ಪರಿಹಾರ ಒಂದು ಸಾಲಿನದು:

```
=SUBTOTAL(109,B2:B40)
```

ಉತ್ತರ ‘3’ ಆಗಿದ್ದರೆ ಕಳುಹಿಸಬೇಕಾದದ್ದು `=SUMPRODUCT(ROUND(B2:B40,0))` ಎಂಬ ಬೇರೆಯೇ ಸೂತ್ರ. ಆದರೆ ಅದನ್ನು ಕಳುಹಿಸುವ ಮುನ್ನ ದಶಮಾಂಶಗಳನ್ನು ಕೈಬಿಡಲು ಅವರಿಗೆ ನಿಜವಾಗಿಯೂ ಒಪ್ಪಿಗೆಯಿದೆಯೇ ಎಂದು ಕೇಳಲೇಬೇಕು, ಏಕೆಂದರೆ ಹಾಳೆ ತೋರಿಸುತ್ತಿದ್ದ 31 ತಪ್ಪೇನೂ ಆಗಿರಲಿಲ್ಲ. ಎರಡನೆಯ ಸುತ್ತನ್ನು ನಾನು ಕಾಯ್ದಿಟ್ಟುಕೊಳ್ಳುವುದು ಇಂಥ ಸಂದರ್ಭಗಳಿಗಾಗಿಯೇ.

ಪಟ್ಟಿ ಕೊಡುವುದು ಯಾವಾಗ ಸರಿ ಎಂಬ ನಿಮ್ಮ ಪ್ರಶ್ನೆಯ ಉತ್ತರವೂ ಇದರಲ್ಲೇ ಇದೆ. ಆ ಸಮಸ್ಯೆಯನ್ನು ನಾವು ಹಲವು ಸಲ ಕಂಡು ಅದರ ಹಿಂದಿನ ಉದ್ದೇಶಗಳು ಎರಡರಿಂದ ನಾಲ್ಕರೊಳಗೆ ನಿಲ್ಲುತ್ತವೆಂದು ತಿಳಿದಿರಬೇಕು, ಅವು ಒಂದರೊಳಗೊಂದು ಸೇರಿಕೊಳ್ಳದಷ್ಟು ಬೇರೆಬೇರೆಯಾಗಿರಬೇಕು, ಪ್ರತಿಯೊಂದಕ್ಕೂ ಪರಿಹಾರ ಬೇರೆಯಾಗಿರಬೇಕು. ಹತ್ತರಲ್ಲಿ ಒಂಬತ್ತು ಸಲ ಒಂದೇ ಉದ್ದೇಶವಿರುತ್ತದೆಂದು ಅನುಭವ ಹೇಳುತ್ತಿದ್ದರೆ ಪಟ್ಟಿಯೂ ಬೇಡ, ಪ್ರಶ್ನೆಯೂ ಬೇಡ. ಆ ಒಂದಕ್ಕೆ ಉತ್ತರ ಕೊಟ್ಟು, ಹಾಗಲ್ಲದಿದ್ದರೆ ತಿಳಿಸಿ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು.

ಇನ್ನು, ಪಟ್ಟಿ ಕೊಡಲೇಬಾರದ ಸಂದರ್ಭ ಒಂದಿದೆ, ಅದರ ಬಗ್ಗೆ ಎಷ್ಟು ಎಚ್ಚರಿಕೆ ಹೇಳಿದರೂ ಸಾಲದು. ಗ್ರಂಥಾಲಯಗಳಲ್ಲಿ ಮಾಹಿತಿ ಕೇಳಿ ಬರುವವರನ್ನು ಕುರಿತು ರಾಬರ್ಟ್ ಟೇಲರ್ 1968ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಮನುಷ್ಯನ ಅಗತ್ಯ ನಾಲ್ಕು ಹಂತಗಳಲ್ಲಿ ಪ್ರಶ್ನೆಯಾಗಿ ರೂಪುಗೊಳ್ಳುತ್ತದೆಂದು ವಿವರಿಸಿದರು. ಮೊದಲು ಮಾತಿಗೆ ಸಿಗದ ಒಂದು ಕೊರತೆ, ಆಮೇಲೆ ಮನಸ್ಸಿನಲ್ಲಿ ಅಸ್ಪಷ್ಟವಾದ ವಿವರಣೆ, ಮೂರನೆಯದಾಗಿ ಸ್ಪಷ್ಟ ಹೇಳಿಕೆ, ಕೊನೆಗೆ ಉತ್ತರ ಕೊಡುವ ವ್ಯವಸ್ಥೆಯಲ್ಲಿ ಏನು ಸಿಗಬಹುದೆಂದು ಊಹಿಸಿ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡ ಪ್ರಶ್ನೆ. ನಮ್ಮನ್ನು ತಲುಪುವುದು ಈ ಕೊನೆಯದು, ಅಂದರೆ ಆಗಲೇ ಒಮ್ಮೆ ಕತ್ತರಿಸಿ ಹೊಂದಿಸಿದ ರೂಪ. ಅದರ ಹಿಂದಿರುವುದೇನೆಂದು ನಮಗೆ ತಿಳಿಯದಿರುವಾಗ ಪಟ್ಟಿ ಕೊಟ್ಟರೆ, ಅವರು ಅದನ್ನು ಇನ್ನೊಮ್ಮೆ ಕತ್ತರಿಸಿ ನಮ್ಮ ಆಯ್ಕೆಗಳೊಳಗೆ ಕೂರಿಸುತ್ತಾರೆ. ತಮಗೆ ಬೇಕಾದದ್ದು ಪಟ್ಟಿಯಲ್ಲಿ ಇಲ್ಲದಿದ್ದರೂ ಹತ್ತಿರದ್ದನ್ನು ಆರಿಸುತ್ತಾರೆ, ನಾವು ಸ್ಪಷ್ಟ ಉತ್ತರ ಬಂತೆಂದು ನಂಬಿ ತಪ್ಪು ದಾರಿಯಲ್ಲಿ ಬಹುದೂರ ಹೋಗುತ್ತೇವೆ. ಅಂಥಲ್ಲಿ ‘ಇದರಿಂದ ನೀವು ಕೊನೆಗೆ ಏನು ಮಾಡಬೇಕೆಂದಿದ್ದೀರಿ?’ ಎಂಬ ಒಂದು ಬಿಡಿ ಪ್ರಶ್ನೆ ಎಲ್ಲ ಪಟ್ಟಿಗಳಿಗಿಂತ ಮೇಲು. ವರದಿಯ ಮೊತ್ತ ಕೇಳಿದವರು ‘ಎರಡು ತಿಂಗಳನ್ನು ಹೋಲಿಸಬೇಕಿತ್ತು’ ಎಂದು ಉತ್ತರಿಸಿದರೆ, ಸೂತ್ರವನ್ನು ತಿದ್ದುವುದೇ ಬೇಕಿರಲಿಲ್ಲ ಎಂದೂ ಆಗಬಹುದು.

ಪಟ್ಟಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಬರುವ ಉತ್ತರಗಳೇ ಹೇಳುತ್ತವೆ. ‘1 ಮತ್ತು 2 ಎರಡೂ’ ಎಂಬ ಉತ್ತರ ಮತ್ತೆ ಮತ್ತೆ ಬಂದರೆ ಆಯ್ಕೆಗಳು ಒಂದರ ಮೇಲೊಂದು ಬಿದ್ದಿವೆ ಎಂದರ್ಥ. ಇದೋ ಅದೋ ಎಂದು ಕೇಳಿದಾಗ ‘ಹೌದು’ ಎಂದಷ್ಟೇ ಬಂದರೆ ಪ್ರಶ್ನೆ ಅರ್ಥವಾಗಿಲ್ಲ. ಹೆಚ್ಚಿನವರು ಕೊನೆಯ ‘ಯಾವುದೂ ಅಲ್ಲ’ ಎಂಬುದನ್ನು ಆರಿಸುತ್ತಿದ್ದರೆ ಸಮಸ್ಯೆಗಳ ಬಗ್ಗೆ ನಾವು ಮಾಡಿಕೊಂಡಿದ್ದ ಅಂದಾಜು ತಪ್ಪಾಗಿದೆ, ಅವರು ಅಲ್ಲಿ ಬರೆದ ಮಾತುಗಳಿಂದಲೇ ಹೊಸ ಪಟ್ಟಿ ಕಟ್ಟಬೇಕು. ಆ ಕೊನೆಯ ಆಯ್ಕೆಯನ್ನೇ ಕೊಡದಿದ್ದರೆ ಈ ತಪ್ಪು ನಮಗೆ ಎಂದೂ ತಿಳಿಯುವುದಿಲ್ಲ. ಪ್ರಶ್ನೆಗಳು ಹೆಚ್ಚಾದದ್ದರ ಗುರುತು ಇನ್ನೂ ಸುಲಭ: ಉತ್ತರಗಳು ಚಿಕ್ಕದಾಗುತ್ತವೆ, ಮೂರು ಕೇಳಿದಲ್ಲಿ ಒಂದಕ್ಕೆ ಮಾತ್ರ ಉತ್ತರ ಬರುತ್ತದೆ, ಕಡೆಗೆ ‘ಹೇಗಾದರೂ ಸರಿಮಾಡಿಕೊಡಿ’ ಎಂಬ ಸಾಲು ಬರುತ್ತದೆ ಇಲ್ಲವೇ ಏನೂ ಬರುವುದಿಲ್ಲ.

ಇಷ್ಟೆಲ್ಲ ಮಿತಿಗಳು ತಪ್ಪಿದರೆ ತಿದ್ದಿಕೊಳ್ಳಬಹುದಾದ ಕೆಲಸಗಳಿಗೆ ಮಾತ್ರ ಅನ್ವಯಿಸುತ್ತವೆ. ‘ಹಳೆಯ ಸಾಲುಗಳನ್ನು ತೆಗೆದುಬಿಡಿ’ ಎಂದು ಯಾರಾದರೂ ಬರೆದರೆ, ತೆಗೆಯುವುದೆಂದರೆ ಅಳಿಸುವುದೋ ಮರೆಮಾಡುವುದೋ, ಯಾವ ದಿನಾಂಕಕ್ಕಿಂತ ಹಳೆಯವು, ಕಡತದ ಪ್ರತಿ ಬೇರೆಡೆ ಇದೆಯೇ ಎಂದು ಮೂರನ್ನೂ ಕೇಳಿ, ಅವರ ಉತ್ತರವನ್ನು ನಮ್ಮ ಮಾತಿನಲ್ಲಿ ಮತ್ತೊಮ್ಮೆ ಬರೆದು ಒಪ್ಪಿಗೆ ಪಡೆದ ನಂತರವೇ ಕೈಹಾಕಬೇಕು. ಅಲ್ಲಿ ನಾಲ್ಕು ಸುತ್ತಾದರೂ ನಾನು ಹಿಂಜರಿಯುವುದಿಲ್ಲ, ಆದರೆ ಏಕೆ ಕೇಳುತ್ತಿದ್ದೇನೆಂಬುದನ್ನು ಮೊದಲ ಸಾಲಿನಲ್ಲೇ ತಿಳಿಸುತ್ತೇನೆ: ‘ಅಳಿಸಿದ ಮೇಲೆ ಮರಳಿ ತರಲು ಆಗದಿರಬಹುದು, ಅದಕ್ಕಾಗಿ ಮೂರು ವಿಷಯ ಖಚಿತಪಡಿಸಿಕೊಳ್ಳುತ್ತಿದ್ದೇನೆ.’