ಕೆಳಗಿಳಿದು ಮತ್ತೆ ಮೇಲೇರಿದ ಉಷ್ಣಾಂಶ: ಯಾವುದನ್ನು ಘನೀಕರಣ ಬಿಂದು ಅಂತ ಬರೆಯಬೇಕು?

ಪ್ರಶ್ನೆ: ನ್ಯಾಫ್ತಲೀನ್‌ನ ಮೋಲಾರ್ ದ್ರವ್ಯರಾಶಿ ಕಂಡುಹಿಡಿಯಲು ಅದನ್ನು ಸೈಕ್ಲೋಹೆಕ್ಸೇನ್‌ನಲ್ಲಿ ಕರಗಿಸಿ ತಂಪು ಮಾಡಿದೆ. ಉಷ್ಣಾಂಶ 2.1 ಡಿಗ್ರಿಗೆ ಇಳಿಯಿತು, ತಟ್ಟನೆ 3.8ಕ್ಕೆ ಏರಿತು, ಆಮೇಲೆ ಮತ್ತೆ ನಿಧಾನವಾಗಿ ಇಳಿಯತೊಡಗಿತು. ಯಾವುದನ್ನು ತಗೊಳ್ಳಲಿ?

ಎರಡೂ ಅಲ್ಲ. 2.1 ಅಂತೂ ಬೇಡವೇ ಬೇಡ. ಹರಳು ಶುರುವಾಗಲು ಒಂದು ನೆಲೆ ಸಿಗದೆ ದ್ರವ ದ್ರವವಾಗಿಯೇ ಜಾರಿಹೋದ ಜಾಗ ಅದು, ಅಂದರೆ ಸೂಪರ್‌ಕೂಲಿಂಗ್. 3.8 ನೋಡಲು ಸರಿ ಅನಿಸುತ್ತದೆ, ಆದರೆ ಅದರಲ್ಲೂ ಒಂದು ಮೋಸ ಇದೆ.

ಹರಳು ಒಮ್ಮೆ ಶುರುವಾದರೆ ಬಿಡುಗಡೆಯಾಗುವ ಶಾಖವೇ ಇಡೀ ದ್ರವವನ್ನು ಬಿಸಿ ಮಾಡಿ ಮೇಲಕ್ಕೆ ತರುತ್ತದೆ. ಆ ಶಾಖ ಬರಬೇಕಾದರೆ ಒಂದಷ್ಟು ದ್ರಾವಕ ಗಟ್ಟಿಯಾಗಲೇಬೇಕು, ಅಲ್ವಾ? ಸೈಕ್ಲೋಹೆಕ್ಸೇನ್ ಒಂದು ಗ್ರಾಂ ಗಟ್ಟಿಯಾದರೆ ಕೊಡುವುದು ಸುಮಾರು 32 ಜೂಲ್ ಮಾತ್ರ, ಒಂದು ಗ್ರಾಂ ದ್ರವವನ್ನು ಒಂದು ಡಿಗ್ರಿ ಏರಿಸಲು ಸುಮಾರು 1.85 ಜೂಲ್ ಬೇಕು. 1.7 ಡಿಗ್ರಿ ಏರಿಕೆಗೆ ಹತ್ತಿರ ಹತ್ತಿರ 10% ದ್ರಾವಕ ಗಟ್ಟಿಯಾಗಿ ಹೋಯಿತು! ನ್ಯಾಫ್ತಲೀನ್ ಉಳಿದ ದ್ರವದಲ್ಲೇ ಇರುತ್ತದೆ, ಹಾಗಾಗಿ ನೀವು ಓದಿದ್ದು ನೀವು ತೂಗಿ ಮಾಡಿದ ದ್ರಾವಣವನ್ನಲ್ಲ, ಅದಕ್ಕಿಂತ ಗಾಢವಾದ ಇನ್ನೊಂದನ್ನು. (ನೀರಿನಲ್ಲಿ ಇದೇ ಏರಿಕೆಗೆ 2% ಸಾಕು, ಅಲ್ಲಿ ಈ ತಪ್ಪು ಅಷ್ಟು ಕಾಡುವುದಿಲ್ಲ.)

ಅದಕ್ಕೇ ಗ್ರಾಫ್ ಬೇಕು. ಏರಿಕೆ ಮುಗಿದ ಮೇಲೆ ನಿಧಾನವಾಗಿ ಇಳಿಯುವ ಭಾಗಕ್ಕೆ ಒಂದು ನೇರ ಗೆರೆ ಎಳೆಯಿರಿ, ಅದನ್ನು ಹಿಂದಕ್ಕೆ ಚಾಚಿ. ಮೊದಲು ದ್ರವ ತಣ್ಣಗಾಗುತ್ತಿದ್ದ ಕಡಿದಾದ ಗೆರೆಯನ್ನು ಅದು ಮುಟ್ಟುವ ಜಾಗವೇ ನಿಮ್ಮ ಘನೀಕರಣ ಬಿಂದು, ಅಂದರೆ ಇನ್ನೂ ಏನೂ ಗಟ್ಟಿಯಾಗದಿದ್ದಾಗಿನದು. ಮಿಶ್ರಣ ಗಂಜಿಯಂತಾಗಿ ಕಲಕಲು ಬಾರದಾದ ಮೇಲಿನ ಬಿಂದುಗಳನ್ನು ಬಿಟ್ಟುಬಿಡಿ, ಅವು ಗೆರೆಯನ್ನು ಸುಮ್ನೆ ಓರೆ ಮಾಡುತ್ತವೆ. ಶುದ್ಧ ದ್ರಾವಕಕ್ಕೆ ಈ ತಲೆನೋವಿಲ್ಲ, ಏರಿದ ಮೇಲೆ ಸಿಗುವ ಸಮತಟ್ಟನ್ನೇ ಓದಿ, ಅದೇ ಥರ್ಮಾಮೀಟರ್‌ನಲ್ಲಿ.

ಲೆಕ್ಕ ನೋಡಿ. 0.300 ಗ್ರಾಂ ನ್ಯಾಫ್ತಲೀನ್, 20.0 ಗ್ರಾಂ ದ್ರಾವಕ, ದ್ರಾವಕದ ಘನೀಕರಣ ಸ್ಥಿರಾಂಕ Kf 20.0, ಶುದ್ಧ ದ್ರಾವಕ ಹೆಪ್ಪುಗಟ್ಟಿದ್ದು 6.5 ಡಿಗ್ರಿಯಲ್ಲಿ ಅಂತಿಟ್ಟುಕೊಳ್ಳಿ. ಕೆಳಗೆ M ಮೋಲಾರ್ ದ್ರವ್ಯರಾಶಿ, w ನ್ಯಾಫ್ತಲೀನ್‌ನ ತೂಕ ಗ್ರಾಂನಲ್ಲಿ, W ದ್ರಾವಕದ ತೂಕ ಕಿಲೋಗ್ರಾಂನಲ್ಲಿ, ΔT ಅಂದರೆ ಘನೀಕರಣ ಬಿಂದು ಎಷ್ಟು ಡಿಗ್ರಿ ಕೆಳಗಿಳಿಯಿತು ಅನ್ನುವುದು.

```
M = Kf × w / (W × ΔT)
  = 20.0 × 0.300 / (0.0200 × ΔT)
  = 300 / ΔT
```

ಗೆರೆ ಚಾಚಿದಾಗ 4.1 ಸಿಕ್ಕಿದರೆ ΔT 2.4, ಮೋಲಾರ್ ದ್ರವ್ಯರಾಶಿ 125. ನಿಜವಾದದ್ದು 128. ಅದೇ 3.8 ತಗೊಂಡಿದ್ದರೆ 111 ಬರುತ್ತಿತ್ತು, 2.1 ತಗೊಂಡಿದ್ದರೆ ಬರೀ 68. ಉತ್ತರ ಯಾವಾಗಲೂ ಕಡಿಮೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಸೂಪರ್‌ಕೂಲಿಂಗ್ ಜಾಸ್ತಿಯಾದಷ್ಟೂ ಗೆರೆಯನ್ನು ದೂರ ಚಾಚಬೇಕು, ತಪ್ಪೂ ಬೆಳೆಯುತ್ತದೆ. ಒಂದೇ ಸಮನೆ ಕಲಕುತ್ತಿರಿ, ಉಪ್ಪು ಬೆರೆಸಿದ ಐಸ್ ಬದಲು ಬರೀ ಐಸ್ ನೀರು ಬಳಸಿ, ನಳಿಕೆಯ ಸುತ್ತ ಇನ್ನೊಂದು ದೊಡ್ಡ ನಳಿಕೆ ಇಟ್ಟು ನಡುವೆ ಗಾಳಿ ಬಿಡಿ. 4 ಡಿಗ್ರಿ ದಾಟಿದರೂ ಹರಳು ಕಾಣದಿದ್ದರೆ ಗಟ್ಟಿಯಾದ ಸೈಕ್ಲೋಹೆಕ್ಸೇನ್‌ನ ಒಂದು ಪುಟ್ಟ ಚೂರು ಹಾಕಿ. ಎರಡು ಡಿಗ್ರಿಗಿಂತ ಜಾಸ್ತಿ ಜಾರಿದ ಪ್ರಯೋಗವನ್ನು ನಾನಾದರೆ ಗ್ರಾಫ್ ಮಾಡುತ್ತಾ ಕೂರುವುದಿಲ್ಲ, ಅಂಗೈ ಬಿಸಿಯಲ್ಲಿ ಕರಗಿಸಿ ಮತ್ತೆ ತಂಪಿಗೆ ಇಡುತ್ತೇನೆ.