ಮಾಡದ ಕೊಲೆ ನೆನಪಿಗೆ ಬರುವುದು ಹೇಗೆ?

1988ರ ಸೆಪ್ಟೆಂಬರ್ 7ರ ಬೆಳಿಗ್ಗೆ, ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿ 17 ವರ್ಷದ ಮಾರ್ಟಿ ಟ್ಯಾಂಕ್ಲೆಫ್ ಎದ್ದು ನೋಡಿದಾಗ ಅಪ್ಪ ಅಮ್ಮ ಇಬ್ಬರೂ ರಕ್ತದ ಮಡುವಿನಲ್ಲಿ ಬಿದ್ದಿದ್ದರು. ಅಮ್ಮ ಸತ್ತಿದ್ದರು. ಅಪ್ಪನಿಗೆ ಇನ್ನೂ ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಸಹಾಯಕ್ಕೆ ಫೋನ್ ಮಾಡಿದವನು ಮಾರ್ಟಿಯೇ. ಆದರೆ ಹುಡುಗ ಇಷ್ಟು ಸಮಾಧಾನವಾಗಿ ಇದ್ದಾನಲ್ಲ ಅಂತ ಪೊಲೀಸರಿಗೆ ಅನುಮಾನ ಬಂತು. ಠಾಣೆಗೆ ಕರೆದುಕೊಂಡು ಹೋದರು.

ಗಂಟೆಗಟ್ಟಲೆ ಪ್ರಶ್ನೆ ಕೇಳಿದರೂ ಅವನು ನಾನು ಮಾಡಿಲ್ಲ ಎಂದೇ ಹೇಳುತ್ತಿದ್ದ. ಅಮ್ಮನ ಕೈಯಲ್ಲಿ ನಿನ್ನ ಕೂದಲು ಸಿಕ್ಕಿದೆ ಎಂದರು. ಅದು ಸುಳ್ಳು. ಆಮೇಲೆ ಪತ್ತೇದಾರ ಎದ್ದು ಹೋಗಿ, ಆಸ್ಪತ್ರೆಯಿಂದ ಕರೆ ಬಂದವನಂತೆ ಫೋನಿನಲ್ಲಿ ಮಾತಾಡಿದ. ವಾಪಸ್ ಬಂದು, ಅಪ್ಪನಿಗೆ ಪ್ರಜ್ಞೆ ಬಂದಿದೆ, ಹೊಡೆದದ್ದು ನೀನೇ ಎಂದು ಅವರೇ ಹೇಳಿದ್ದಾರೆ ಎಂದ. ಅದೂ ಸುಳ್ಳು. ಅಪ್ಪನಿಗೆ ಮತ್ತೆ ಪ್ರಜ್ಞೆ ಬರಲೇ ಇಲ್ಲ. ಕೆಲವು ವಾರಗಳ ನಂತರ ತೀರಿಕೊಂಡರು.

ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. ಅಪ್ಪ ಸುಳ್ಳು ಹೇಳುವವರಲ್ಲ. ಪೊಲೀಸರು ಯಾಕೆ ಸುಳ್ಳು ಹೇಳುತ್ತಾರೆ? ಹಾಗಾದರೆ ತಪ್ಪಿರುವುದು ನನ್ನ ನೆನಪಿನಲ್ಲೇ ಇರಬೇಕು, ಅಲ್ವಾ? ಪ್ರಜ್ಞೆ ತಪ್ಪಿದಾಗ ನಾನೇ ಮಾಡಿರಬಹುದಾ ಎಂದು ಮಾರ್ಟಿ ಕೇಳಿದ. ಸ್ವಲ್ಪ ಹೊತ್ತಿನಲ್ಲೇ ಕೊಲೆಯ ವಿವರ ಹೇಳತೊಡಗಿದ. ಪತ್ತೇದಾರ ಅದನ್ನು ಬರೆದುಕೊಂಡ. ಕುಟುಂಬದ ವಕೀಲರ ಫೋನ್ ಬಂದು ವಿಚಾರಣೆ ನಿಂತಿತು. ಹುಡುಗ ಆ ಹೇಳಿಕೆಗೆ ಸಹಿ ಹಾಕಲಿಲ್ಲ, ಬೇಗನೇ ಅದನ್ನು ಅಲ್ಲಗಳೆದ. ಆದರೂ 1990ರಲ್ಲಿ ಶಿಕ್ಷೆಯಾಯಿತು.

ಇಲ್ಲಿ ಯಾರೂ ಕೈ ಎತ್ತಲಿಲ್ಲ. ಹೊಡೆತ ತಾಳಲಾರದೆ ಒಪ್ಪಿಕೊಳ್ಳುವವನಿಗೆ ಒಳಗೊಳಗೆ ತಾನು ನಿರಪರಾಧಿ ಎಂದು ಗೊತ್ತಿರುತ್ತದೆ. ಮಾರ್ಟಿಯದು ಬೇರೆ ಥರ. ಅವನು ಸ್ವಲ್ಪ ಹೊತ್ತಾದರೂ ತನ್ನ ಅಪರಾಧವನ್ನು ನಂಬಿದ. ನನಗೆ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಇಂಥ ನಂಬಿಕೆ ಹುಟ್ಟುವುದನ್ನು ಮನೋವಿಜ್ಞಾನಿ ಸಾಲ್ ಕ್ಯಾಸಿನ್ ಮತ್ತು ಕ್ಯಾಥರೀನ್ ಕೀಚೆಲ್ 1996ರಲ್ಲಿ ಒಂದು ಪ್ರಯೋಗದಲ್ಲಿ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳು, ಪಕ್ಕದಲ್ಲಿದ್ದವರು ಓದಿ ಹೇಳಿದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕಿತ್ತು. ALT ಕೀ ಮಾತ್ರ ಒತ್ತಬೇಡಿ, ಒತ್ತಿದರೆ ಎಲ್ಲ ಹಾಳಾಗುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು. ಒಂದು ನಿಮಿಷಕ್ಕೆ ಕಂಪ್ಯೂಟರ್ ತಾನಾಗಿಯೇ ಕೆಟ್ಟು ನಿಲ್ಲುತ್ತಿತ್ತು. ಆ ಕೀ ಒತ್ತಿದ್ದು ನೀವೇ ಎಂದು ಆರೋಪ ಹೊರಿಸುತ್ತಿದ್ದರು. ಯಾರೂ ಒತ್ತಿರಲಿಲ್ಲ. ಆದರೂ ಒಟ್ಟಾರೆ ಶೇ. 69 ಮಂದಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಬೇಗ ಬೇಗ ಟೈಪ್ ಮಾಡಿಸಿ, ಅಕ್ಷರ ಓದುತ್ತಿದ್ದವರಿಂದ ನಾನೇ ನೋಡಿದೆ ಎಂದು ಸುಳ್ಳು ಸಾಕ್ಷಿಯನ್ನೂ ಹೇಳಿಸಿದಾಗ ಒಬ್ಬರೂ ಬಿಡದೆ ಎಲ್ಲರೂ ಸಹಿ ಹಾಕಿದರು. ಆ ಗುಂಪಿನಲ್ಲಿ ಶೇ. 65 ಮಂದಿ ತಪ್ಪು ತಮ್ಮದೇ ಎಂದು ನಂಬಿಬಿಟ್ಟಿದ್ದರು. ಶೇ. 35 ಮಂದಿ ಅದು ಹೇಗಾಯಿತು ಎಂಬ ವಿವರವನ್ನೂ ಕಟ್ಟಿ ಹೇಳಿದರು.

ಕೀ ಒತ್ತುವುದಕ್ಕೂ ಕೊಲೆ ಮಾಡುವುದಕ್ಕೂ ಅಜಗಜಾಂತರ, ನಿಜ. ಗೊತ್ತಿಲ್ಲದೆ ಬೆರಳು ತಾಗಿರಬಹುದು ಎಂದುಕೊಳ್ಳುವುದು ಸುಲಭ. ಕೊಲೆಯಲ್ಲಿ ಅಂಥ ಅನುಮಾನಕ್ಕೆ ಜಾಗ ಮಾಡಿಕೊಡುವುದು ನಿದ್ದೆಗೇಡು, ಆಘಾತ, ಚಿಕ್ಕ ವಯಸ್ಸು, ಒಂಟಿತನ. ಮೊದಲು ನೆನಪಿನ ಮೇಲಿನ ಭರವಸೆ ಕುಸಿಯಬೇಕು. ಆಮೇಲೆ ಆ ಖಾಲಿ ಜಾಗಕ್ಕೆ ಕಲ್ಪನೆ ಬಂದು ಸೇರುತ್ತದೆ. ಹೀಗೆ ಮಾಡಿರಬಹುದು ಎಂಬುದು ಹೀಗೇ ಮಾಡಿದೆ ಎಂದಾಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲೇ ಪೊಲೀಸರ ಇಂಥ ಸುಳ್ಳಿಗೆ ಅವಕಾಶ ಕೊಟ್ಟಿತ್ತು. ಸಾಕ್ಷ್ಯವಿದೆ ಎಂಬ ಸುಳ್ಳನ್ನು ಪೂರ್ತಿ ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ನಿಜವಾದ ಅಪರಾಧಿಗೆ ತನ್ನ ನೆನಪು ಗೊತ್ತೇ ಇರುತ್ತದೆ. ಈ ಸುಳ್ಳಿಗೆ ನೆನಪು ಕಳೆದುಕೊಳ್ಳುವವನು ನಿರಪರಾಧಿ ಮಾತ್ರ.

ಸುಳ್ಳು ತಪ್ಪೊಪ್ಪಿಗೆಯನ್ನು ಗುರುತಿಸುವುದಕ್ಕೆ ಮುಖ ನೋಡಿ ಪ್ರಯೋಜನವಿಲ್ಲ. ಕೇಳಬೇಕಾದ್ದು, ಈ ಹೇಳಿಕೆಯಿಂದ ಪೊಲೀಸರಿಗೆ ಅದುವರೆಗೆ ಗೊತ್ತಿಲ್ಲದ ಯಾವ ಸಂಗತಿ ಸಿಕ್ಕಿತು ಎಂದು. ಮಾರ್ಟಿ ಹೇಳಿದ ಆಯುಧಗಳು ಅವನ ಕೋಣೆಯ ಡಂಬೆಲ್ ಮತ್ತು ಅಡುಗೆಮನೆಯಲ್ಲಿದ್ದ, ಕಲ್ಲಂಗಡಿ ಕತ್ತರಿಸುವ ಚಾಕು. ಪರೀಕ್ಷಿಸಿದಾಗ ಎರಡರಲ್ಲೂ ರಕ್ತ ಸಿಗಲಿಲ್ಲ. ತೀರ್ಪುಗಾರರು ಇದಕ್ಕಿಂತ ಅವನ ಬಾಯಿಮಾತನ್ನೇ ಜಾಸ್ತಿ ನಂಬಿದರು. 17 ವರ್ಷ ಜೈಲಿನಲ್ಲಿದ್ದ ಮೇಲೆ, 2007ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆ ರದ್ದು ಮಾಡಿತು. ಮರುವರ್ಷ ಆರೋಪಗಳನ್ನೂ ಕೈಬಿಟ್ಟರು.

ನಮ್ಮ ದೇಶದಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮೊದಲು ಸಾಕ್ಷ್ಯ ಅಧಿನಿಯಮದ 25ನೇ ಸೆಕ್ಷನ್‌ನಲ್ಲಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿದೆ. ಆದರೆ ಅಲ್ಲೇ ಒಂದು ವಿನಾಯಿತಿಯೂ ಇದೆ. ಆರೋಪಿಯ ಮಾತಿನಿಂದ ಹೊಸ ಸಂಗತಿ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತನ್ನು ಕೋರ್ಟ್ ಒಪ್ಪಬಹುದು. ಹಾಗಾಗಿ ಚಾಕು ಸಿಕ್ಕಿದೆ ಎಂದಾಗ ವಕೀಲರು ಕೇಳಬೇಕಾದ್ದು, ಅದು ಅಲ್ಲಿದೆ ಎಂಬುದು ಪೊಲೀಸರಿಗೆ ಮೊದಲೇ ಗೊತ್ತಿತ್ತಾ ಎಂದು. ಅದಕ್ಕೆ ಖಚಿತ ಉತ್ತರ ಬೇಕಾದರೆ ಕೊನೆಯ ತಪ್ಪೊಪ್ಪಿಗೆಯ ವಿಡಿಯೋ ಸಾಲದು. ಮೊದಲ ಪ್ರಶ್ನೆಯಿಂದಲೇ ಕ್ಯಾಮೆರಾ ಓಡುತ್ತಿರಬೇಕು, ಚಾಕುವಿನ ಮಾತು ಮೊದಲು ಯಾರ ಬಾಯಿಂದ ಬಂತು ಎಂಬುದು ಅದರಲ್ಲಿ ಕಾಣಬೇಕು.