ಊಟವಾಗಿ ಒಂದು ಗಂಟೆಗೆ 236: ಪೆನ್ನಿಗೆ ಕೈ ಹಾಕುವ ಮೊದಲು

ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ಗ್ಲುಕೋಮೀಟರ್‌ನಲ್ಲಿ 236. ಮಗಳಿಗೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಗಿ ಮೂರು ವಾರವೂ ಆಗಿರದ ಮನೆಯಲ್ಲಿ ಈ ಸಂಖ್ಯೆ ಕಂಡರೆ ಕೈ ತಾನಾಗಿಯೇ ಇನ್ಸುಲಿನ್ ಪೆನ್ನಿನ ಕಡೆ ಹೋಗುತ್ತದೆ. ಹೊಸದಾಗಿ ಇನ್ಸುಲಿನ್ ಶುರುವಾದ ಮನೆಗಳಲ್ಲಿ ನಡುರಾತ್ರಿ ಶುಗರ್ ಲೋ ಆಗುವುದಕ್ಕೆ ಈ ಒಂದು ಅವಸರ ದೊಡ್ಡ ಕಾರಣ. ಎಡವಟ್ಟು ಎಲ್ಲಿ ಅನ್ನುವುದು ಅರ್ಥವಾಗಬೇಕಾದರೆ, ಕಾಯಿಲೆ ಇಲ್ಲದ ದೇಹ ಇದೇ ಕೆಲಸವನ್ನು ಹೇಗೆ ಮಾಡುತ್ತದೆ ಅಂತ ಮೊದಲು ನೋಡಬೇಕು.

ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿರುವ ಸಕ್ಕರೆಯನ್ನು ಒಟ್ಟುಮಾಡಿದರೆ ಒಂದು ಟೀ ಚಮಚದಷ್ಟು, ನಾಲ್ಕೈದು ಗ್ರಾಂ. ಒಂದು ತಟ್ಟೆ ಅನ್ನದಿಂದ ಅದರ ಹತ್ತು ಪಟ್ಟಿಗೂ ಹೆಚ್ಚು ಸಕ್ಕರೆ ರಕ್ತಕ್ಕೆ ಬರುತ್ತದೆ. ಆದರೂ ಮಟ್ಟ 140ರ ಆಸುಪಾಸಿಗೆ ಹೋಗಿ ಇಳಿದುಬಿಡುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ರಕ್ತದ ಸಕ್ಕರೆಯನ್ನು ಸದಾ ಗಮನಿಸುತ್ತಿರುತ್ತವೆ. ಏರಿತು ಅನ್ನಿಸಿದ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ ಬಿಡುತ್ತವೆ, ಅದು ಮೊದಲು ನೇರ ಲಿವರ್‌ಗೆ ಹೋಗುತ್ತದೆ. ಇಳಿಯಿತು ಅನ್ನಿಸಿದರೆ ಬಿಡುವುದನ್ನು ತಗ್ಗಿಸುತ್ತವೆ. ಆಗಲೇ ಬಿಟ್ಟಿದ್ದರ ಗತಿ? ರಕ್ತದಲ್ಲಿರುವ ಇನ್ಸುಲಿನ್ ಸುಮಾರು ಐದೈದು ನಿಮಿಷಕ್ಕೆ ಅರ್ಧ ಅರ್ಧ ಕರಗಿ ಹೋಗುತ್ತದೆ. ಅಂದರೆ ಸ್ವಲ್ಪ ಹೆಚ್ಚು ಬಿಟ್ಟರೂ ಅದು ತುಂಬಾ ಹೊತ್ತು ಕಾಡುವುದಿಲ್ಲ. ನೋಡು, ತಿದ್ದು, ಮತ್ತೆ ನೋಡು: ಫೀಡ್‌ಬ್ಯಾಕ್ ಲೂಪ್ ಅಂದರೆ ಇಷ್ಟೇ. ನೋಡುವುದಕ್ಕೂ ತಿದ್ದುವುದಕ್ಕೂ ನಡುವೆ ತಡವಿಲ್ಲದ ಕಾರಣ ಅದು ಸಲೀಸಾಗಿ ನಡೆಯುತ್ತದೆ.

ಟೈಪ್ 1ರಲ್ಲಿ ಆ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡಿರುತ್ತದೆ. ಈಗ ನೋಡುವ ಕೆಲಸ ಮೀಟರ್‌ನದು, ಲೆಕ್ಕ ನಿಮ್ಮದು, ತಿದ್ದುವುದು ಪೆನ್ನಿನದು. ಚಕ್ರ ಅದೇ, ಆದರೆ ಅದರೊಳಗೆ ತಡ ಸೇರಿಕೊಂಡಿದೆ. ಊಟದ ಹೊತ್ತಿಗೆ ಚುಚ್ಚುವ ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಚರ್ಮದಡಿಯ ಕೊಬ್ಬಿನಿಂದ ರಕ್ತಕ್ಕೆ ಇಳಿದು ಕೆಲಸ ಶುರು ಮಾಡಲು ಹದಿನೈದು ನಿಮಿಷ ಬೇಕು. ಜೋರು ಬರುವುದು ಒಂದರಿಂದ ಎರಡು ಗಂಟೆಗೆ, ಮುಗಿಯುವುದು ಹೆಚ್ಚುಕಡಿಮೆ ನಾಲ್ಕು ಗಂಟೆಗೆ. ರೆಗ್ಯುಲರ್ ಅನ್ನುವ ಹಳೆಯ ಬಗೆಯ ಇನ್ಸುಲಿನ್ ಆದರೆ ಶುರುವಾಗಲು ಅರ್ಧ ಗಂಟೆ, ಮುಗಿಯಲು ಆರೆಂಟು ಗಂಟೆ. ಎರಡಕ್ಕೂ ಅನ್ವಯಿಸುವ ಮಾತೊಂದಿದೆ: ಒಳಗೆ ಹೋದದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ.

ಮಹಡಿ ಮೇಲೆ ಸೋಲಾರ್ ಇರುವ ಮನೆಯವರಿಗೆ ಈ ತಡ ಗೊತ್ತಿರುವಂಥದ್ದೇ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಬರುತ್ತದೆ. ತಾಳ್ಮೆಯಿಲ್ಲದವರು ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತಾರೆ, ಎರಡು ನಿಮಿಷಕ್ಕೆ ಮೈ ಸುಡುವ ನೀರು. ಗಾಬರಿಯಾಗಿ ಪೂರ್ತಿ ನಿಲ್ಲಿಸಿದರೆ ಮತ್ತೆ ತಣ್ಣೀರು. ನಲ್ಲಿಯಲ್ಲೂ ದೋಷವಿಲ್ಲ, ಸೋಲಾರ್‌ನಲ್ಲೂ ಇಲ್ಲ.

ಈಗ ಆ 236ಕ್ಕೆ ಬರೋಣ. ಹುಡುಗಿಗೆ ಹದಿನಾಲ್ಕು ವರ್ಷ, ದಿನಕ್ಕೆ ಒಟ್ಟು 36 ಯೂನಿಟ್ ಇನ್ಸುಲಿನ್ ಬೇಕು ಅಂತಿಟ್ಟುಕೊಳ್ಳಿ. ವೈದ್ಯರು ಸಾಮಾನ್ಯವಾಗಿ ಎರಡು ಸರಳ ಲೆಕ್ಕದಿಂದ ಆರಂಭಿಸುತ್ತಾರೆ. 1800ನ್ನು 36ರಿಂದ ಭಾಗಿಸಿದರೆ 50, ಅಂದರೆ ಒಂದು ಯೂನಿಟ್ ಅವಳ ಸಕ್ಕರೆಯನ್ನು ಸುಮಾರು 50 ಇಳಿಸುತ್ತದೆ. 500ನ್ನು 36ರಿಂದ ಭಾಗಿಸಿದರೆ ಹತ್ತಿರ ಹತ್ತಿರ 14, ಅಂದರೆ 14 ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್. ಇವು ಈ ಹುಡುಗಿಯ ಅಂಕಿಗಳು. ನಿಮ್ಮವರ ಅಂಕಿ ಬೇರೆ ಇರುತ್ತದೆ, ಅದನ್ನು ವೈದ್ಯರಿಂದಲೇ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಊಟಕ್ಕೆ ಮೊದಲು ಅವಳ ಶುಗರ್ 120. ತಟ್ಟೆಯಲ್ಲಿ 200 ಗ್ರಾಂ ಬೆಂದ ಅನ್ನ, ತಿಳಿಸಾರು. ಅನ್ನದಲ್ಲಿ ಸುಮಾರು 56 ಗ್ರಾಂ ಪಿಷ್ಟ ಇದೆ, ಹಾಗಾಗಿ 4 ಯೂನಿಟ್. ಲೆಕ್ಕ ಸರಿಯಾಗಿಯೇ ಇದೆ. ಒಂಬತ್ತಕ್ಕೆ 236 ಬಂದದ್ದು ಡೋಸ್ ಕಡಿಮೆಯಾಗಿ ಅಲ್ಲ, ಅನ್ನ ಮುಂದೆ ಓಡಿದೆ, ಇನ್ಸುಲಿನ್ ಹಿಂದೆ ಬರುತ್ತಿದೆ, ಅಷ್ಟೇ. ಮನೆಲೆಕ್ಕಕ್ಕೆ, ಚುಚ್ಚಿದ ಇನ್ಸುಲಿನ್ ಗಂಟೆಗೆ ಕಾಲುಭಾಗ ಕರಗುತ್ತದೆ ಅಂತ ಹಿಡಿಯಿರಿ (ನಿಜದಲ್ಲಿ ಅದು ಇಷ್ಟು ನೇರ ಗೆರೆಯಲ್ಲ). ಆಗ ಒಂಬತ್ತು ಗಂಟೆಗೆ 3 ಯೂನಿಟ್ ಇನ್ನೂ ಬಾಕಿ ಇದೆ, ಅದಕ್ಕೆ 150 ಇಳಿಸುವ ಶಕ್ತಿ ಇದೆ. ಹೊಟ್ಟೆಯಲ್ಲೂ ಒಂಚೂರು ಅನ್ನ ಉಳಿದಿದೆ, ಅದು ಇನ್ನೊಂದು 34 ಏರಿಸಬಹುದು. 236ಕ್ಕೆ 34 ಕೂಡಿಸಿ 150 ಕಳೆಯಿರಿ: 120. ಯಾರೂ ಏನೂ ಮಾಡದಿದ್ದರೆ ಹನ್ನೆರಡು ಗಂಟೆಗೆ ಅವಳು ಹೊರಟಲ್ಲಿಗೇ ಬಂದಿರುತ್ತಾಳೆ.

ಆದರೆ ತಾಯಿ ಒಂಬತ್ತಕ್ಕೆ ಇನ್ನೆರಡು ಯೂನಿಟ್ ಕೊಟ್ಟರು. ಹತ್ತು ಗಂಟೆಗೆ ನೋಡಿದರೆ 195. ಅಷ್ಟು ಕೊಟ್ಟರೂ ಇಳಿದಿಲ್ಲವಲ್ಲ ಅಂತ ಇನ್ನೊಂದು ಯೂನಿಟ್. ಈ ಹೊತ್ತಿಗೆ ಬಾಕಿ ಎಷ್ಟು? ಎಂಟರ ನಾಲ್ಕರಲ್ಲಿ 2, ಒಂಬತ್ತರ ಎರಡರಲ್ಲಿ ಒಂದೂವರೆ, ಈಗಿನದು 1. ಒಟ್ಟು ನಾಲ್ಕೂವರೆ ಯೂನಿಟ್, ಅಂದರೆ 225 ಇಳಿಸುವಷ್ಟು. ಇರುವುದೇ 195, ಅನ್ನವೂ ಮುಗಿದಿದೆ. ಕಾಗದದ ಮೇಲೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹುಡುಗಿಗೆ ಹನ್ನೊಂದೂವರೆ, ಹನ್ನೆರಡರ ಹೊತ್ತಿಗೆ ನಿದ್ದೆಯಲ್ಲೇ ಬೆವರು, ನಡುಕ. ಕೆಲವು ಮಕ್ಕಳು ಏಳುವುದೇ ಇಲ್ಲ, ತಲೆದಿಂಬು ಒದ್ದೆಯಾದದ್ದು ನೋಡಿ ಮನೆಯವರೇ ಕಂಡುಹಿಡಿಯಬೇಕು.

ಹಾಗಾದರೆ ಮಾಡಬೇಕಾದ್ದೇನು? ಕೊನೆಯ ಊಟದ ಡೋಸ್ ಆಗಿ ಮೂರು ನಾಲ್ಕು ಗಂಟೆ ಕಳೆಯುವವರೆಗೆ, ವೈದ್ಯರು ಬೇರೆ ಹೇಳಿರದಿದ್ದರೆ, ತಿದ್ದುವ ಡೋಸ್ ಬೇಡ. ಹನ್ನೆರಡಕ್ಕೂ 236 ಇದ್ದರೆ ಆಗ ಅದು ನಿಜವಾದ ಹೆಚ್ಚಳ. 120ಕ್ಕೆ ತರಲು ಎರಡು ಯೂನಿಟ್ ಹತ್ತಿರ ಬೇಕು, ಮಲಗುವ ಹೊತ್ತಾದ್ದರಿಂದ ಅದರಲ್ಲೂ ಅರ್ಧ ಸಾಕು ಅನ್ನುವ ವೈದ್ಯರೇ ಹೆಚ್ಚು. ಇನ್ನು ಒಂಬತ್ತು ಗಂಟೆಯ ಏರಿಕೆಯೇ ಕಡಿಮೆ ಆಗಬೇಕೆಂದರೆ ಡೋಸ್ ಹೆಚ್ಚಿಸಬೇಡಿ, ಹೊತ್ತನ್ನು ಸರಿಸಿ. ಚುಚ್ಚಿ ಹದಿನೈದು ನಿಮಿಷ ಬಿಟ್ಟು ಬಡಿಸಿದರೆ ಇನ್ಸುಲಿನ್ನಿಗೂ ಅನ್ನಕ್ಕೂ ಜೊತೆಯಾಗುತ್ತದೆ. ಊಟಕ್ಕೆ ಮೊದಲೇ ಶುಗರ್ ಕಡಿಮೆ ಇದ್ದಾಗ ಮಾತ್ರ ಹೀಗೆ ಕಾಯಿಸಬಾರದು.

ಇದೇ ತಡ ಇನ್ನೊಂದು ದಿಕ್ಕಿಗೂ ಇದೆ. 70ಕ್ಕಿಂತ ಕೆಳಗಿಳಿದರೆ ಲೋ ಶುಗರ್. ಆಗ 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಅಂದರೆ ಮಟ್ಟಸವಾಗಿ ಮೂರು ಟೀ ಚಮಚ, ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಕಾದು ಮತ್ತೆ ಮೀಟರ್. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. ನಮ್ಮ ಹುಡುಗಿಗೆ 14 ಗ್ರಾಂಗೆ ಒಂದು ಯೂನಿಟ್, ಒಂದು ಯೂನಿಟ್ಟಿಗೆ 50 ಅಂದೆವಲ್ಲ, ಅಂದರೆ 14 ಗ್ರಾಂ 50 ಏರಿಸುತ್ತದೆ, 58 ಇದ್ದದ್ದು 110ರ ಹತ್ತಿರ ಬರುತ್ತದೆ, ಸಾಕು. ಕಷ್ಟವಿರುವುದು ಆ ಹದಿನೈದು ನಿಮಿಷದಲ್ಲಿ. ನಡುಕ ನಿಲ್ಲದೆ ಹೊಟ್ಟೆ ಬೇಡುತ್ತಲೇ ಇರುತ್ತದೆ, ಮನೆಯವರು ಲಾಡು, ಬಾಳೆಹಣ್ಣು, ಹಾರ್ಲಿಕ್ಸ್ ಅಂತ ಒಂದರ ಮೇಲೊಂದು ಕೊಡುತ್ತಾರೆ, ಬೆಳಗಿನ ಜಾವ ಮೀಟರ್ 320 ತೋರಿಸುತ್ತದೆ, ಮತ್ತೆ ಪೆನ್ನು. ಲಾಡು, ಚಾಕಲೇಟು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ತುಪ್ಪ-ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಔಷಧಿ ಇದ್ದು, ಕೊಡಲು ಕಲಿತಿದ್ದರೆ ಅದನ್ನು ಕೊಡಿ.

ಲೆಕ್ಕ ಸರಿ ಇದ್ದೂ ಚಕ್ರ ತಪ್ಪುವುದುಂಟು, ಆಗ ಸಲಕರಣೆಯನ್ನು ಅನುಮಾನಿಸಿ. ಮಾವಿನಹಣ್ಣು ಹೆಚ್ಚಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಮೀಟರ್ ಮಾವಿನಹಣ್ಣಿನ ಶುಗರ್ ಹೇಳುತ್ತದೆ. ನಂಬಲಾಗದ ಸಂಖ್ಯೆ ಬಂದಾಗ ಸೋಪಿನಿಂದ ಕೈ ತೊಳೆದು, ಒರೆಸಿ, ಇನ್ನೊಂದು ಬೆರಳಿನಲ್ಲಿ ನೋಡಿ. ಹೊಟ್ಟೆಯ ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಅಲ್ಲಿ ಮೆತ್ತನೆಯ ಗಂಟಾಗುತ್ತದೆ. ಅಲ್ಲಿ ನೋವು ಕಡಿಮೆ, ಮಕ್ಕಳಿಗೆ ಅದೇ ಇಷ್ಟ, ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಬೇಗ, ಇನ್ನೊಂದು ದಿನ ನಿಧಾನ ಇಳಿಯುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಸವರಿ ನೋಡಿ, ಗಂಟಿದ್ದರೆ ಆ ಜಾಗ ಬಿಡಿ.

ಸೀಸೆ, ಸಿರಿಂಜ್ ಬಳಸುವವರು ನಮ್ಮಲ್ಲಿ ಇನ್ನೂ ಬಹಳ, ಅವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಇಲ್ಲಿ ಮಿಲಿ ಲೀಟರಿಗೆ 40 ಯೂನಿಟ್ ಇರುವ ಸೀಸೆಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಬಣ್ಣದ್ದು 100ರದ್ದು. 100ರ ಸೀಸೆಯಿಂದ ಕೆಂಪು ಸಿರಿಂಜ್‌ನಲ್ಲಿ 10 ಗೆರೆಯವರೆಗೆ ಎಳೆದರೆ ಒಳಗೆ ಬರುವುದು 25 ಯೂನಿಟ್. ಮೆಡಿಕಲ್ ಶಾಪಿನಲ್ಲಿ ಹಳೆಯ ಸ್ಟಾಕ್ ಮುಗಿದು ಬೇರೆಯದು ಕೊಟ್ಟ ದಿನ ಸೀಸೆಯ ಮೇಲಿನ ಸಂಖ್ಯೆ ಓದದೆ ಮನೆಗೆ ಬರಬೇಡಿ.

ವಾಂತಿ, ಜ್ವರ ಬಂದು ಮಗು ಊಟ ಬಿಟ್ಟ ದಿನ "ತಿಂದೇ ಇಲ್ಲವಲ್ಲ, ಇನ್ಸುಲಿನ್ ಯಾಕೆ" ಅಂತ ಪೂರ್ತಿ ನಿಲ್ಲಿಸುವುದು ಇನ್ನೊಂದು ಅಪಾಯ. ಉಪವಾಸದಲ್ಲೂ ಲಿವರ್ ರಕ್ತಕ್ಕೆ ಸಕ್ಕರೆ ಸುರಿಯುತ್ತಲೇ ಇರುತ್ತದೆ, 50 ಕೆಜಿ ತೂಕದವರಲ್ಲಿ ಗಂಟೆಗೆ ಸುಮಾರು ಆರು ಗ್ರಾಂ. ಅದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್, ದಿನಕ್ಕೊಮ್ಮೆ ಚುಚ್ಚುವ ದೀರ್ಘಾವಧಿಯ ಇನ್ಸುಲಿನ್ ಇರುವುದೇ ಈ ಕೆಲಸಕ್ಕೆ. ಅದನ್ನು ನಿಲ್ಲಿಸಿದರೆ ಲಿವರ್ ಮೈಗೆ ಬರಗಾಲ ಬಂದಿದೆ ಅನ್ನುವ ಹಾಗೆ ನಡೆದುಕೊಳ್ಳುತ್ತದೆ: ಸಕ್ಕರೆ ಏರುತ್ತದೆ, ಕೊಬ್ಬು ಕರಗಿ ಕೀಟೋನ್ ಎಂಬ ಆಮ್ಲಗಳಾಗುತ್ತವೆ. ಶುಗರ್ 250 ದಾಟಿದ್ದು ಹೊಟ್ಟೆನೋವು, ವಾಂತಿ ಇದ್ದರೆ ಮೂತ್ರದ ಕೀಟೋನ್ ಸ್ಟ್ರಿಪ್ ಹಾಕಿ ವೈದ್ಯರಿಗೆ ಫೋನ್ ಮಾಡಿ. ಉಸಿರು ಆಳವಾಗಿ, ವೇಗವಾಗಿ ಬರುತ್ತಿದ್ದರೆ ಅಥವಾ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಇದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿ.

ಕೊನೆಯದಾಗಿ, ಮೊದಲ ಕೆಲವು ತಿಂಗಳಲ್ಲಿ ಮಾತ್ರ ಕಾಣುವ ಒಂದು ಮಾಯೆ. ಚಿಕಿತ್ಸೆ ಶುರುವಾಗಿ ಕೆಲವು ವಾರಗಳಲ್ಲಿ, ಅಳಿದುಳಿದ ಬೀಟಾ ಕೋಶಗಳು ಒಂದಿಷ್ಟು ಚೇತರಿಸಿಕೊಳ್ಳುತ್ತವೆ. ಅದೇ ಡೋಸಿಗೆ ಶುಗರ್ ಮೇಲಿಂದ ಮೇಲೆ ಲೋ ಆಗತೊಡಗುತ್ತದೆ, ವೈದ್ಯರು 36 ಇದ್ದದ್ದನ್ನು 20ಕ್ಕೋ 15ಕ್ಕೋ ಇಳಿಸುತ್ತಾರೆ. "ನಾಟಿ ಔಷಧಿ ಹಿಡಿಯಿತು" ಅಂತ ಇನ್ಸುಲಿನ್ ಬಿಡಿಸುವುದು ಹೆಚ್ಚಾಗಿ ಈ ಹಂತದಲ್ಲೇ. ಹಳೆಯ ಚಕ್ರ ಅರ್ಧಂಬರ್ಧ ತಿರುಗುತ್ತಿದೆ, ಅಷ್ಟೇ. ಕೆಲವರಲ್ಲಿ ಕೆಲವೇ ವಾರ, ಕೆಲವರಲ್ಲಿ ವರ್ಷದ ಹತ್ತಿರ ನಡೆದು ಅದು ನಿಲ್ಲುತ್ತದೆ, ಡೋಸ್ ಮತ್ತೆ ಮೇಲೇರುತ್ತದೆ. ಆ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಚೀಟಿಯ 50 ಮತ್ತು 14 ಎರಡೂ ಹಳತಾಗಿರುತ್ತವೆ. ಹೊಸದನ್ನು ಬರೆಸಿಕೊಳ್ಳಲು ಹೋಗುವಾಗ ಎರಡು ವಾರದ ಪುಸ್ತಕ ಕೈಯಲ್ಲಿರಲಿ: ಎಷ್ಟು ಹೊತ್ತಿಗೆ ನೋಡಿದ್ದು, ಶುಗರ್ ಎಷ್ಟು, ತಿಂದದ್ದೇನು, ಕೊಟ್ಟದ್ದು ಎಷ್ಟು ಯೂನಿಟ್, ಮತ್ತು ಅದಕ್ಕೆ ಹಿಂದಿನ ಡೋಸ್ ಆಗಿ ಎಷ್ಟು ಗಂಟೆಯಾಗಿತ್ತು.